ಮೈಟೋಕಾಂಡ್ರಿಯದ ಮಡಿಕೆಯೊಳಗೆ ಏನಿದೆ?

ಹೈಸ್ಕೂಲು ದಾಟಿದ ಯಾರನ್ನು ಕೇಳಿದರೂ ಮೈಟೋಕಾಂಡ್ರಿಯ ಎಂದರೆ ಜೀವಕೋಶದ ಪವರ್‌ಹೌಸ್ ಎಂದು ಥಟ್ಟನೆ ಹೇಳುತ್ತಾರೆ. ಈ ಮಾತನ್ನು ಜನಪ್ರಿಯಗೊಳಿಸಿದವರು ಫಿಲಿಪ್ ಸೀಕೆವಿಟ್ಜ್. 1957ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಗೆ ಅದೇ ಶೀರ್ಷಿಕೆಯಲ್ಲಿ ಒಂದು ಲೇಖನ ಬರೆದರು. ಹೋಲಿಕೆಗಳು ಹಳೆಯದಾದಂತೆ ಸವೆಯುವುದೇ ಹೆಚ್ಚು. ಇದು ಮಾತ್ರ ಆಮೇಲಿನ ಸಂಶೋಧನೆಗಳಿಂದ ಇನ್ನಷ್ಟು ಗಟ್ಟಿಯಾಯಿತು, ಏಕೆಂದರೆ ಒಳಗೆ ನಡೆಯುವ ಕೆಲಸ ನಿಜಕ್ಕೂ ಶರಾವತಿಯ ಜಲವಿದ್ಯುತ್ ಕೇಂದ್ರದ ಕೆಲಸದಂಥದ್ದೇ.

ಅಲ್ಲಿ ಎತ್ತರದಲ್ಲಿ ಕಟ್ಟಿನಿಲ್ಲಿಸಿದ ನೀರು ಇಳಿಯುತ್ತ ಟರ್ಬೈನು ತಿರುಗಿಸುತ್ತದೆ. ಇಲ್ಲಿ ನೀರಿನ ಬದಲು ಪ್ರೋಟಾನು. ಮೈಟೋಕಾಂಡ್ರಿಯಕ್ಕೆ ಎರಡು ಪೊರೆಗಳಿವೆ. ನಾವು ತಿಂದ ಅನ್ನದಿಂದ ಬಂದ ಎಲೆಕ್ಟ್ರಾನುಗಳು ಒಳಪೊರೆಯಲ್ಲಿರುವ ಪ್ರೋಟೀನುಗಳನ್ನು ಒಂದೊಂದಾಗಿ ಹಾದು ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಈ ಹಾದಿಯಲ್ಲಿ ಬಿಡುಗಡೆಯಾಗುವ ಶಕ್ತಿಯಿಂದ ಪ್ರೋಟಾನುಗಳು ಒಳಪೊರೆಯ ಆಚೆಗೆ ದಬ್ಬಲ್ಪಡುತ್ತವೆ. ಹೀಗೆ ಪೊರೆಯ ಎರಡು ಬದಿಗಳ ನಡುವೆ ಸುಮಾರು 150 ಮಿಲಿವೋಲ್ಟಿನಷ್ಟು ಒತ್ತಡ ಉಂಟಾಗುತ್ತದೆ. ಕೇಳಲು ಅಲ್ಪ, ಆದರೆ ಪೊರೆಯ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಎಂಬುದನ್ನು ನೆನೆದರೆ ಆ ಒತ್ತಡದ ತೀವ್ರತೆ ತಿಳಿಯುತ್ತದೆ.

ಹೊರಬಿದ್ದ ಪ್ರೋಟಾನುಗಳಿಗೆ ಮರಳಲು ಇರುವ ಮುಖ್ಯ ದಾರಿ ಎಟಿಪಿ ಸಿಂಥೇಸ್ ಎಂಬ ಯಂತ್ರ. ಅದರ ಒಂದು ಭಾಗ ಪೊರೆಯೊಳಗೆ ಹುದುಗಿದೆ, ಪ್ರೋಟಾನುಗಳು ಹಾದಾಗ ಅದು ಅಕ್ಷರಶಃ ಗಿರಗಿರ ತಿರುಗುತ್ತದೆ. ನಮ್ಮಂಥ ಸಸ್ತನಿಗಳಲ್ಲಿ ಎಂಟು ಪ್ರೋಟಾನು ಹಾದರೆ ಒಂದು ಸುತ್ತು, ಒಂದು ಸುತ್ತಿಗೆ ಮೂರು ಎಟಿಪಿ. ಪೀಟರ್ ಮಿಚೆಲ್ 1961ರಲ್ಲಿ ಈ ಪ್ರೋಟಾನು ಒತ್ತಡದ ಕಲ್ಪನೆಯನ್ನು ಮುಂದಿಟ್ಟಾಗ ಒಪ್ಪಿದವರು ಕಡಿಮೆ. ನೊಬೆಲ್ ಬಂದದ್ದು 1978ರಲ್ಲಿ. ಯಂತ್ರ ತಿರುಗುವುದನ್ನು ಕಣ್ಣಾರೆ ನೋಡಲು 1997ರವರೆಗೆ ಕಾಯಬೇಕಾಯಿತು. ಆ ವರ್ಷ ಜಪಾನಿನ ತಂಡವೊಂದು ಅದರ ಅಚ್ಚಿಗೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಎಟಿಪಿ ಉಣಿಸಿ ಯಂತ್ರವನ್ನು ಹಿಮ್ಮುಖವಾಗಿ ಓಡಿಸಿ, ಎಳೆ ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿತು. ನಮ್ಮ ಮೈಯಲ್ಲಿ ಒಂದು ಕ್ಷಣಕ್ಕೆ ಇರುವ ಎಟಿಪಿ ಹೆಚ್ಚೆಂದರೆ ನೂರು ಗ್ರಾಂ ಆಚೀಚೆ. ಅದೇ ಸರಕು ಖರ್ಚಾಗಿ, ಮತ್ತೆ ತಯಾರಾಗಿ, ದಿನವೊಂದಕ್ಕೆ ಹತ್ತಾರು ಕಿಲೋಗಳ ಲೆಕ್ಕಕ್ಕೆ ಬರುತ್ತದೆ.

ಇನ್ನು ಮಡಿಕೆಗಳ ವಿಷಯ. 1950ರ ದಶಕದ ಆರಂಭದಲ್ಲಿ ಜಾರ್ಜ್ ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಪೊರೆ ಸಪಾಟಾಗಿರದೆ ಒಳಕ್ಕೆ ಚಾಚಿಕೊಂಡ ಮಡಿಕೆಗಳಾಗಿತ್ತು. ಅವುಗಳಿಗೆ ಕ್ರಿಸ್ಟೆ ಎಂದು ಹೆಸರಿಟ್ಟರು. ಮಡಿಕೆ ಹೆಚ್ಚಿದಷ್ಟೂ ಪೊರೆ ಹೆಚ್ಚು, ಪೊರೆ ಹೆಚ್ಚಿದಷ್ಟೂ ಯಂತ್ರಗಳಿಗೆ ಜಾಗ ಹೆಚ್ಚು ಎಂದು ಪಠ್ಯಪುಸ್ತಕ ಹೇಳುತ್ತದೆ. ತಪ್ಪಿಲ್ಲ. ಬಿಡುವಿಲ್ಲದೆ ಮಿಡಿಯುವ ಹೃದಯದ ಸ್ನಾಯುವಿನಲ್ಲಿ ಕ್ರಿಸ್ಟೆಗಳು ಒತ್ತೊತ್ತಾಗಿರುವುದೂ ಅದಕ್ಕೇ. ಆದರೆ ನನ್ನ ದೃಷ್ಟಿಯಲ್ಲಿ ಇದು ಅರ್ಧ ಕಥೆ, ಸ್ವಾರಸ್ಯ ಕಡಿಮೆಯಿರುವ ಅರ್ಧ.

ಎಟಿಪಿ ಸಿಂಥೇಸ್‌ಗಳು ಪೊರೆಯ ಮೇಲೆ ಎಲ್ಲೆಂದರಲ್ಲಿ ಹರಡಿಕೊಂಡಿಲ್ಲ. ಅವು ಜೋಡಿಯಾಗಿ, ಮಡಿಕೆಯ ಚೂಪಾದ ಅಂಚಿನುದ್ದಕ್ಕೂ ಸಾಲಾಗಿ ನಿಂತಿವೆ. ಪ್ರೋಟಾನು ದಬ್ಬುವ ಪ್ರೋಟೀನುಗಳು ಹೆಚ್ಚಾಗಿ ಮಡಿಕೆಯ ಚಪ್ಪಟೆ ಬದಿಗಳಲ್ಲಿವೆ. ಜೋಡಿಯ ಎರಡು ಯಂತ್ರಗಳು ಒಂದಕ್ಕೊಂದು ಓರೆಯಾಗಿ ಕೂತಿರುವುದರಿಂದ ಅವುಗಳ ಕೆಳಗಿನ ಪೊರೆ ಬಾಗಲೇಬೇಕು. ಹಾಗಾದರೆ ಮಡಿಕೆ ಇದ್ದುದಕ್ಕೆ ಯಂತ್ರಗಳು ಅಲ್ಲಿ ಬಂದು ಕೂತವೋ, ಯಂತ್ರಗಳು ಕೂತದ್ದಕ್ಕೆ ಮಡಿಕೆಯಾಯಿತೋ?

ಉತ್ತರ ಸಿಕ್ಕಿದ್ದು ಯೀಸ್ಟಿನಲ್ಲಿ. ಯಂತ್ರಗಳನ್ನು ಜೋಡಿಸಲು ಬೇಕಾದ ಎರಡು ಪುಟ್ಟ ಪ್ರೋಟೀನುಗಳಿವೆ, ಹೆಸರು ಬರೀ ‘ಇ’ ಮತ್ತು ‘ಜಿ’. ಇವು ತಯಾರಾಗದಂತೆ ಯೀಸ್ಟಿನ ಜೀನುಗಳನ್ನು ಮಾರ್ಪಡಿಸಿದಾಗ ಒಂಟಿ ಯಂತ್ರಗಳು ಉಳಿದುಕೊಂಡವು, ಎಟಿಪಿ ಮಾಡುವ ಶಕ್ತಿಯೂ ಅವುಗಳಿಗಿತ್ತು. ಜೋಡಿಗಳು ಮಾತ್ರ ಇಲ್ಲವಾದವು. ಜತೆಗೇ ಕ್ರಿಸ್ಟೆಗಳೂ ಮಾಯ! ಅವುಗಳ ಜಾಗದಲ್ಲಿ ಒಂದರೊಳಗೊಂದು ಸುತ್ತಿಕೊಂಡ, ಈರುಳ್ಳಿಯ ಪದರಗಳಂಥ ಪೊರೆಗಳು. ಅಂಥ ಯೀಸ್ಟು ಸಾಯಲಿಲ್ಲ, ಆದರೆ ಆಮ್ಲಜನಕ ಬಳಸಿ ಬೆಳೆಯಬೇಕಾದ ಆಹಾರದಲ್ಲಿ ಅದರ ಬೆಳವಣಿಗೆ ನಿಧಾನವಾಯಿತು. ಅಂದರೆ ಯಂತ್ರಗಳೇ ತಮ್ಮ ಕಟ್ಟಡಕ್ಕೆ ಆಕಾರ ಕೊಡುತ್ತವೆ. ಅಂಚಿನ ಬಾಗಿನಲ್ಲಿ ಪ್ರೋಟಾನುಗಳು ದಟ್ಟವಾಗಿ, ಯಂತ್ರಗಳಿಗೆ ಹೆಚ್ಚು ಅನುಕೂಲವಾಗುತ್ತದೆ ಎಂದು ಹೇಳುವವರೂ ಇದ್ದಾರೆ; ಆ ವಾದ ಇನ್ನೂ ಇತ್ಯರ್ಥವಾಗಿಲ್ಲ.

ಮಡಿಕೆಯ ಇನ್ನೊಂದು ತುದಿಯಲ್ಲಿ, ಅದು ಒಳಪೊರೆಯ ಉಳಿದ ಭಾಗವನ್ನು ಸೇರುವಲ್ಲಿ, ಕಿರಿದಾದ ಕತ್ತು ಇದೆ. ಅದನ್ನು ಬಿಗಿಯಾಗಿಡುವ ಪ್ರೋಟೀನುಗಳಲ್ಲಿ ಓಪಿಎ1 ಒಂದು. 2019ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಒಂದೇ ಮೈಟೋಕಾಂಡ್ರಿಯದ ಬೇರೆ ಬೇರೆ ಕ್ರಿಸ್ಟೆಗಳಲ್ಲಿ ವೋಲ್ಟೇಜು ಬೇರೆ ಬೇರೆ ಇರಬಲ್ಲದು. ಹೀಗಾಗಿ ಒಂದು ಮಡಿಕೆ ಕೆಟ್ಟರೂ ಪಕ್ಕದ್ದು ಕೆಲಸ ಮುಂದುವರಿಸಬಹುದು. ಕತ್ತು ಸಡಿಲವಾದರೆ ಈ ಪ್ರತ್ಯೇಕತೆ ಕುಸಿಯುತ್ತದೆ, ಜತೆಗೆ ಮಡಿಕೆಯೊಳಗಿದ್ದ ಸೈಟೋಕ್ರೋಮ್ ಸಿ ಹೊರಸೋರಿ ಕೋಶದ ಸಾವಿಗೆ ಚಾಲನೆ ಕೊಡಬಹುದು. ಓಪಿಎ1 ಜೀನಿನಲ್ಲಿ ದೋಷವಿರುವ ಕುಟುಂಬಗಳಲ್ಲಿ ಎಳವೆಯಲ್ಲೇ ದೃಷ್ಟಿ ಮಂದವಾಗತೊಡಗುತ್ತದೆ. ರೆಟಿನಾದಿಂದ ಮಿದುಳಿಗೆ ಸಂಕೇತ ಒಯ್ಯುವ ನರಕೋಶಗಳಿಗೆ ಅಪಾರ ಎಟಿಪಿ ಬೇಕು. ಮೊದಲು ಸೊರಗುವುದು ಅವೇ. ಕನ್ನಡಕ ಬದಲಿಸಿದರೂ ಸರಿಹೋಗದ ಮಕ್ಕಳ ಕಣ್ಣನ್ನು ವೈದ್ಯರು ಪರೀಕ್ಷಿಸಿದಾಗ ದೃಷ್ಟಿನರದ ತುದಿ ಬಿಳಿಚಿಕೊಂಡಿರುವುದು ಕಾಣುತ್ತದೆ. ಆಗ ಜೀನು ಪರೀಕ್ಷೆ ಕಾರಣವನ್ನು ಖಚಿತಪಡಿಸುತ್ತದೆ.