ಅಂಗೈ ಮೇಲೆ ಎರಡು ಕೋಲು

ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ನಾವೆಲ್ಲ ಆಡಿದ್ದೇವೆ. ಕೋಲು ಎತ್ತ ವಾಲುತ್ತದೋ ಅತ್ತ ಕೈ ಸರಿಸಬೇಕು. ಒಂದು ಮೀಟರ್ ಉದ್ದದ ಹಗುರ ಕೋಲು, ಭಾರವೆಲ್ಲ ತುದಿಯಲ್ಲಿ ಎಂದುಕೊಳ್ಳಿ. ವಾಲಿದ ಕೋನ θ, ಕೈಯ ವೇಗೋತ್ಕರ್ಷ a. ಗುರುತ್ವವನ್ನು 10 ಎಂದು ಹಿಡಿದರೆ, ಸಣ್ಣ ಕೋನಗಳಿಗೆ ಸಿಗುವ ಅವಕಲ ಸಮೀಕರಣ ಇದು:

```
θ'' = 10θ − a
```

ಇದು ಎರಡನೇ ದರ್ಜೆಯದು. ಹಾಗಾಗಿ ಕೋಲಿನ ಈ ಕ್ಷಣದ ಸ್ಥಿತಿ ಹೇಳಲು ಎರಡು ಸಂಖ್ಯೆ ಬೇಕು: ಎಷ್ಟು ವಾಲಿದೆ, ಎಷ್ಟು ವೇಗವಾಗಿ ವಾಲುತ್ತಿದೆ. x1 = θ, x2 = θ' ಎಂದು ಹೆಸರಿಟ್ಟರೆ ಒಂದು ಸಮೀಕರಣ ಒಡೆದು ಎರಡು ಸರಳ ಸಮೀಕರಣಗಳಾಗುತ್ತವೆ:

```
x1' = x2
x2' = 10 x1 − a
A = [0 1; 10 0]   B = [0; −1]
```

ಸ್ಟೇಟ್-ಸ್ಪೇಸ್ ರೂಪ ಎಂದರೆ ಇಷ್ಟೇ. ಇನ್ನು ಮೊದಲ ಪ್ರಶ್ನೆ: ಕೈಯ ಚಲನೆಯಿಂದ ಈ ಎರಡನ್ನೂ ಬೇಕಾದಲ್ಲಿಗೆ ತರಬಹುದೇ? ಇದೇ ನಿಯಂತ್ರಣಸಾಧ್ಯತೆ. 1960ರಲ್ಲಿ ಮಾಸ್ಕೋ ಸಮ್ಮೇಳನದಲ್ಲಿ ರುಡಾಲ್ಫ್ ಕಾಲ್ಮನ್ ಈ ವಿಚಾರ ಮಂಡಿಸಿದರು. ಪರೀಕ್ಷೆ ಸುಲಭ. ಕೈ ನೇರವಾಗಿ ತಟ್ಟುವುದು B, ಅದು ವ್ಯವಸ್ಥೆಯೊಳಗೆ ಹರಿದು ಮುಂದೆ ಮುಟ್ಟುವುದು AB. ಇವೆರಡನ್ನು ಪಕ್ಕಪಕ್ಕ ಇಟ್ಟ ಮಾತೃಕೆ [0 −1, −1 0], ಅದರ ನಿರ್ಧಾರಕ −1. ಸೊನ್ನೆಯಲ್ಲ, ಆದ್ದರಿಂದ ಕೋಲು ನಮ್ಮ ಹಿಡಿತಕ್ಕೆ ಸಿಗುತ್ತದೆ.

ಅದೇ ಅಂಗೈ ಮೇಲೆ ಅದೇ ಉದ್ದದ ಇನ್ನೊಂದು ಕೋಲು ನಿಲ್ಲಿಸಿ ನೋಡಿ. ಎರಡಕ್ಕೂ a ಒಂದೇ. ಒಂದರ ಸಮೀಕರಣದಿಂದ ಇನ್ನೊಂದನ್ನು ಕಳೆದರೆ ಕೋನಗಳ ವ್ಯತ್ಯಾಸ d ಪಾಲಿಸುವುದು d'' = 10d. ಕೈ ಅಲ್ಲಿಂದ ಮಾಯವಾಗಿಬಿಟ್ಟಿದೆ! ನಿಶ್ಚಲವಾಗಿ ಶುರುವಾದ ಒಂದು ಡಿಗ್ರಿ ವ್ಯತ್ಯಾಸ ಒಂದೇ ಸೆಕೆಂಡಿನಲ್ಲಿ ಸುಮಾರು ಹನ್ನೆರಡು ಡಿಗ್ರಿಯಾಗುತ್ತದೆ; ಎಂಥ ಕೈಚಳಕವೂ ತಡೆಯಲಾರದು. ಒಂದು ಕೋಲನ್ನು ಅರ್ಧ ಮೀಟರಿಗೆ ಕತ್ತರಿಸಿ, ಆಗ ಪರೀಕ್ಷೆ ಪಾಸು. ನನಗೆ ಈ ವಿಷಯದಲ್ಲಿ ಅತಿ ಸುಂದರವಾಗಿ ಕಾಣುವುದು ಇದೇ: ತೊಡಕು ಕೋಲುಗಳ ಸಂಖ್ಯೆಯಲ್ಲಿಲ್ಲ, ಅವುಗಳ ಸಮಾನತೆಯಲ್ಲಿದೆ.

ಎರಡನೇ ಪ್ರಶ್ನೆ ವೀಕ್ಷಣಸಾಧ್ಯತೆಯದು: ಅಳೆದದ್ದರಿಂದ ಅಳೆಯದ್ದನ್ನು ತಿಳಿಯಬಹುದೇ? ಮತ್ತೆ ಒಂದೇ ಕೋಲು. ಅದಕ್ಕೆ ತಿರುಗುವ ವೇಗವನ್ನಷ್ಟೇ ಹೇಳುವ ಗೈರೊ ಕಟ್ಟಿದ್ದೇವೆ. C = [0 1], CA = [10 0]; ಇವನ್ನು ಒಂದರ ಕೆಳಗೊಂದಿಟ್ಟರೆ ನಿರ್ಧಾರಕ −10. ಕೋನವನ್ನು ಅಳೆಯದಿದ್ದರೂ ಅದು ತಿಳಿಯುತ್ತದೆ, ಏಕೆಂದರೆ ಹೆಚ್ಚು ವಾಲಿದಷ್ಟೂ ಗುರುತ್ವ ವೇಗವನ್ನು ಹೆಚ್ಚಿಸುತ್ತದೆ. ಗುರುತ್ವವೇ ಇಲ್ಲದ ಕಡೆ 10ರ ಜಾಗಕ್ಕೆ ಸೊನ್ನೆ ಬರುತ್ತದೆ, ನಿರ್ಧಾರಕವೂ ಸೊನ್ನೆ. ಆಗ ಕೋಲು ಎತ್ತ ವಾಲಿದೆಯೆಂದು ಗೈರೊ ಎಂದೂ ಹೇಳಲಾರದು.

ಒಂದು ಎಚ್ಚರಿಕೆ. ಈ ಪರೀಕ್ಷೆ ಹೇಳುವುದು ಸಾಧ್ಯವೋ ಅಲ್ಲವೋ ಎಂದಷ್ಟೇ. ಎಷ್ಟು ಕಷ್ಟ ಎಂದಲ್ಲ. ಒಂದು ಕೋಲು 100 ಸೆಂಟಿಮೀಟರ್, ಇನ್ನೊಂದು 99 ಇದ್ದರೆ ಉತ್ತರ ಸಾಧ್ಯ ಎಂದೇ ಬರುತ್ತದೆ. ಆದರೆ ಅವುಗಳ ನಡುವಿನ ಸಣ್ಣ ವ್ಯತ್ಯಾಸ ತಿದ್ದಲು ಬೇಕಾಗುವಷ್ಟು ಕೈ ಬೀಸುವಿಕೆ ಯಾವ ಮನುಷ್ಯನ ತೋಳಿಗೂ ದಕ್ಕುವುದಲ್ಲ.