ನಿಮಗಿದು ಗೊತ್ತೆ? ದಪ್ಪ ಗ್ಲೌಸ್‌ಗೂ ಒಂದು ಮಿತಿ

ಬೆರಳು ಬೆರಳಿಗೂ ಬೇರೆ ಗೂಡಿರುವ ಗ್ಲೌಸನ್ನು ಎಷ್ಟೇ ದಪ್ಪ ಮಾಡಿದರೂ ಒಂದು ಹಂತದ ನಂತರ ಅದು ಹೆಚ್ಚು ಬೆಚ್ಚಗಾಗುವುದಿಲ್ಲ! ಬೆರಳು ಸಣ್ಣ ಕೊಳವೆಯಂತೆ. ಸುತ್ತ ಪದರ ಸೇರಿಸಿದಷ್ಟೂ ಹೊರಮೈ ಹಿಗ್ಗುತ್ತದೆ, ಶಾಖ ಸೋರುವ ಜಾಗವೂ ಹೆಚ್ಚುತ್ತದೆ. ದಪ್ಪ ಸುಮಾರು 6 ಮಿ.ಮೀ. ದಾಟಿದ ಮೇಲೆ ಸಿಗುವ ಲಾಭ ತೀರಾ ಅಲ್ಪ.

ಖಟಕ ಚಿಂಚೋಳಿಯಿಂದ ಭಾಲ್ಕಿಗೆ ಬೆಳಗಿನ ಥಂಡಿಯಲ್ಲಿ ಬೈಕ್ ಓಡಿಸುವವರಿಗೆ ಗ್ಲೌಸೇ ಸರಿ. ಬ್ರೇಕ್ ಹಿಡಿಯಲು ಬೆರಳು ಬಿಡಿಯಾಗಿರಬೇಕಲ್ಲ. ಚಳಿಗಾಲದಲ್ಲಿ ಮೈನಸ್ 50 ಡಿಗ್ರಿವರೆಗೂ ಇಳಿಯುವ ಸಿಯಾಚಿನ್‌ನಂಥ ಕಡೆ ಮಿಟನ್ ಬೇಕು. ಅದರಲ್ಲಿ ಹೆಬ್ಬೆರಳಿಗಷ್ಟೇ ಬೇರೆ ಗೂಡು, ಉಳಿದ ನಾಲ್ಕೂ ಒಟ್ಟಿಗೆ. ಒಂದರ ಶಾಖ ಇನ್ನೊಂದಕ್ಕೆ. ಒಳಗೆ ತೆಳು ಗ್ಲೌಸ್ ಇದ್ದರೆ, ಬಕಲ್ ಹಾಕಲು ಮಿಟನ್ ತೆಗೆದಾಗಲೂ ಬರಿ ಚರ್ಮ ಲೋಹಕ್ಕೆ ಅಂಟುವುದಿಲ್ಲ.

ಮಿಟನ್ ಬಿಗಿಯಾದರೆ ರಕ್ತ ಸರಿಯಾಗಿ ಓಡದು. ಮೈ ತಣ್ಣಗಾದರೆ ದೇಹ ಕೈಕಾಲು ಬೆರಳಿನ ರಕ್ತಕ್ಕೇ ಮೊದಲು ಕತ್ತರಿ ಹಾಕುತ್ತದೆ. ಎದೆ, ತಲೆ ಮುಚ್ಚದೆ ಮಿಟನ್ ಒಂದೇ ಹಾಕಿ ಪ್ರಯೋಜನವಿಲ್ಲ. ಬೆರಳು ಬಿಳಿಚಿ ಜೋಮು ಹಿಡಿಯಿತೇ? ಉಜ್ಜಬೇಡಿ, ಬೆಂಕಿಗೆ ಒಡ್ಡಬೇಡಿ. ಕಂಕುಳಲ್ಲಿ ಇಟ್ಟುಕೊಳ್ಳಿ.