ಅಳಿಸಿದರೂ ಉಳಿಯಬೇಕಾದ ಸಂದೇಶ

ಡೇಟಿಂಗ್ ಆ್ಯಪ್ ಒಂದರಲ್ಲಿ ಇಬ್ಬರಿಗೆ ಪರಿಚಯವಾಗಿದೆ ಎಂದಿಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಅವನು ಬೆದರಿಕೆಯ ಸಂದೇಶ ಕಳಿಸುತ್ತಾನೆ, ಅವಳು ಓದಿದ್ದು ಕಂಡೊಡನೆ ‘ಅನ್‌ಮ್ಯಾಚ್’ ಒತ್ತಿಬಿಡುತ್ತಾನೆ. ಬೆಳಿಗ್ಗೆ ದೂರು ಕೊಡೋಣವೆಂದು ಅವಳು ಆ್ಯಪ್ ತೆರೆದರೆ ಚಾಟ್ ಇಲ್ಲ, ಅವನ ಪ್ರೊಫೈಲೂ ಇಲ್ಲ. ರಿಪೋರ್ಟ್ ಬಟನ್ ಇದ್ದದ್ದು ಆ ಪ್ರೊಫೈಲಿನೊಳಗೇ! 2020ರಲ್ಲಿ ಆಸ್ಟ್ರೇಲಿಯಾದ ಎಬಿಸಿ ವಾಹಿನಿ ಟಿಂಡರ್ ಬಗ್ಗೆ ನಡೆಸಿದ ತನಿಖೆಯಲ್ಲಿ ಬಯಲಾದದ್ದು ಇಂಥದೇ ಕಿಂಡಿ.

ನಾಲ್ಕೈದು ಜನ ಸೇರಿ ಕಟ್ಟುವ ಸಣ್ಣ ಆ್ಯಪ್‌ನಲ್ಲೂ ಇದನ್ನು ಮುಚ್ಚುವುದು ಕಷ್ಟವಲ್ಲ. ಅನ್‌ಮ್ಯಾಚ್ ಆದಾಗ ಸರ್ವರ್ ಸಂದೇಶಗಳನ್ನು ಅಳಿಸಬಾರದು, ‘ಮುಚ್ಚಿದೆ’ ಎಂದು ಗುರುತು ಹಾಕಿ ಇಬ್ಬರಿಗೂ ಕಾಣದಂತೆ ಮಾಡಿದರೆ ಸಾಕು. ಹಳೆಯ ಪರಿಚಯಗಳ ಪಟ್ಟಿಯೊಂದನ್ನು ಸೆಟ್ಟಿಂಗ್ಸ್‌ನಲ್ಲಿಟ್ಟರೆ ಅವಳು ಅಲ್ಲಿಂದ ದೂರು ಕೊಡಬಹುದು. ದೂರು ಬಂದ ಕ್ಷಣವೇ ಸಂದೇಶಗಳು, ಫೋಟೊ, ಹೆಸರು ಇವೆಲ್ಲದರ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಇಲ್ಲದಿದ್ದರೆ ಪರಿಶೀಲಿಸುವವರು ನೋಡುವ ಹೊತ್ತಿಗೆ ಅವನು ಫೋಟೊ ಬದಲಿಸಿರುತ್ತಾನೆ, ಇಲ್ಲವೇ ಖಾತೆಯನ್ನೇ ಅಳಿಸಿರುತ್ತಾನೆ. ಹಾಗೆಂದು ಎಲ್ಲರ ಮಾತನ್ನೂ ಶಾಶ್ವತವಾಗಿ ಕೂಡಿಡುವುದು ಇನ್ನೊಂದು ಅಪಾಯ. ದೂರಿಲ್ಲದ ಚಾಟ್‌ಗಳಿಗೆ ಅವಧಿ ಗೊತ್ತುಮಾಡಿ, ಅದು ಮುಗಿದ ಮೇಲೆ ನಿಜವಾಗಿಯೂ ಅಳಿಸಬೇಕು.

ಬ್ಲಾಕ್‌ನ ಕೆಲಸವೇ ಬೇರೆ. ಅದಕ್ಕೆ ಕಾರಣ ಕೇಳಬಾರದು, ಯಾರ ಒಪ್ಪಿಗೆಗೂ ಕಾಯಬಾರದು. ಅವಳು ಅವನನ್ನು ಬ್ಲಾಕ್ ಮಾಡಿದರೆ ಅವಳಿಗೆ ಅವನೂ, ಅವನಿಗೆ ಅವಳೂ ಕಾಣಬಾರದು. ಹುಡುಕಾಟ, ಹತ್ತಿರದವರ ಪಟ್ಟಿ, ಹಳೆಯ ನೋಟಿಫಿಕೇಶನ್ ಎಲ್ಲ ಕಡೆಯೂ ಇದು ಅನ್ವಯಿಸಬೇಕು. ಫೋನಿನ ಪರದೆಯ ಮೇಲಷ್ಟೇ ಮರೆಮಾಚಿ ಸರ್ವರ್ ಮಾಹಿತಿ ಕಳಿಸುತ್ತಲೇ ಇದ್ದರೆ ಅದು ಬ್ಲಾಕ್ ಅಲ್ಲ. ‘ನಿಮ್ಮನ್ನು ಬ್ಲಾಕ್ ಮಾಡಲಾಗಿದೆ’ ಎಂದು ಅವನಿಗೆ ತಿಳಿಸಲೂಬಾರದು, ಸಿಟ್ಟು ತಿರುಗುವುದು ಅವಳ ಮೇಲೆಯೇ.

ದೂರುಗಳನ್ನು ಬಂದ ಸರದಿಯಲ್ಲಿ ನೋಡುವುದೂ ತಪ್ಪು. ಬೆದರಿಕೆ, ಅಪ್ರಾಪ್ತ ವಯಸ್ಸಿನ ಶಂಕೆ, ನಗ್ನಚಿತ್ರಗಳ ದೂರುಗಳು ಮೊದಲು. ನಕಲಿ ಪ್ರೊಫೈಲ್, ಜಾಹೀರಾತು ಆಮೇಲೆ. ಇಷ್ಟು ದೂರು ಬಂದರೆ ಖಾತೆ ತಾನಾಗಿ ಬಂದ್ ಎಂಬ ನಿಯಮ ಸಣ್ಣ ಆ್ಯಪ್‌ಗೆ ಆಗಿಬರುವುದಿಲ್ಲ. ಆಗದವರೊಬ್ಬರನ್ನು ಹೊರಹಾಕಲು ನಾಲ್ವರು ಗೆಳೆಯರು ಸೇರಿದರೆ ಸಾಕು. ದೂರು ಕೊಟ್ಟವರೆಲ್ಲ ಆರೋಪಿಯೊಡನೆ ನಿಜವಾಗಿ ಚಾಟ್ ಮಾಡಿದ್ದರೇ ಎಂದು ನೋಡಿದರೆ ಗುಂಪುಗಾರಿಕೆಯ ಸುಳಿವು ಸಿಗುತ್ತದೆ.

ಹೊರಹಾಕಿದವನು ಹೊಸ ಖಾತೆಯಲ್ಲಿ ಮರಳುವುದನ್ನು ಪೂರ್ತಿ ತಡೆಯಲಾಗದು. ಐಪಿ ವಿಳಾಸ ತಡೆದರೆ, ಮೊಬೈಲ್ ಜಾಲದಲ್ಲಿ ಅದೇ ವಿಳಾಸ ಹಂಚಿಕೊಂಡ ನೂರಾರು ನಿರಪರಾಧಿಗಳೂ ಹೊರಗುಳಿಯಬಹುದು. ಫೋನ್ ನಂಬರ್ ತಡೆಯುವುದು ವಾಸಿ. ಆದರೆ ಭಾರತದಲ್ಲಿ ನಿಷ್ಕ್ರಿಯವಾದ ನಂಬರ್ ಕನಿಷ್ಠ 90 ದಿನಗಳ ನಂತರ ಬೇರೊಬ್ಬರ ಕೈಸೇರಬಹುದು. ಆದ್ದರಿಂದ ನಂಬರ್ ಮೇಲಿನ ನಿಷೇಧಕ್ಕೆ ಮೇಲ್ಮನವಿಯ ದಾರಿ ಇರಲೇಬೇಕು, ಆ ಮನವಿಯನ್ನು ಮೊದಲು ನಿಷೇಧಿಸಿದವರಲ್ಲದೆ ಇನ್ನೊಬ್ಬರು ಓದಬೇಕು.